ಅರವತ್ತು ಸೆಕೆಂಡಿನ ಮಳೆಗೆ ಹದಿನೈದು ಚೌಕ

ಬಿರುಕು ಬಿಟ್ಟ ನೆಲ, ತೊಟ್ಟಿಕ್ಕುವ ನಲ್ಲಿ, ಅದರ ಕೆಳಗೆ ಬೊಗಸೆ ಒಡ್ಡಿದ ಮಗುವಿನ ಕೈ, ಕೊನೆಗೆ ‘ನೀರು ಉಳಿಸಿ’ ಎಂಬ ಗಂಭೀರ ದನಿ. ಸರ್ಕಾರಿ ಇಲಾಖೆಗಳು ಮಾಡಿಸುವ ನೀರಿನ ಚಿತ್ರಗಳಲ್ಲಿ ಈ ನಾಲ್ಕು ದೃಶ್ಯಗಳನ್ನು ನೋಡದವರು ಕಡಿಮೆ. ಚಿತ್ರ ಮುಗಿದ ಮೇಲೆ ನೋಡುಗನಿಗೆ ಬೇಸರವಾಗುತ್ತದೆ, ಸ್ವಲ್ಪ ಅಪರಾಧಿ ಭಾವವೂ ಮೂಡಬಹುದು. ಆದರೆ ನಾಳೆ ಬೆಳಿಗ್ಗೆ ಎದ್ದು ತಾನು ಏನು ಮಾಡಬೇಕು ಎಂಬುದು ಮಾತ್ರ ತಿಳಿದಿರುವುದಿಲ್ಲ. ಈ ಕೊರತೆ ಕ್ಯಾಮೆರಾದಿಂದ ಬಂದದ್ದಲ್ಲ, ಸಂಕಲನದಿಂದಲೂ ಅಲ್ಲ. ಚಿತ್ರೀಕರಣಕ್ಕೆ ಮುಂಚೆ, ಕಾಗದದ ಮೇಲೆ ಚೌಕಗಳನ್ನು ಎಳೆಯುವ ಹೊತ್ತಿನಲ್ಲೇ ಅದು ಚಿತ್ರದೊಳಗೆ ಸೇರಿಕೊಂಡಿರುತ್ತದೆ.

ಆ ಚೌಕಗಳ ಸಾಲಿಗೆ ಸ್ಟೋರಿಬೋರ್ಡ್ ಎನ್ನುತ್ತಾರೆ. ತೆರೆಯ ಮೇಲೆ ಬರಲಿರುವ ಪ್ರತಿ ದೃಶ್ಯಕ್ಕೂ ಒಂದು ಚೌಕ. ಚೌಕದೊಳಗೆ ಪೆನ್ಸಿಲ್ ಚಿತ್ರ, ಕೆಳಗೆ ನಾಲ್ಕು ಸಾಲು: ದೃಶ್ಯದ ಸಂಖ್ಯೆ, ಅದರಲ್ಲಿ ನಡೆಯುವ ಕ್ರಿಯೆ, ಕೇಳಿಸುವ ಮಾತು ಅಥವಾ ಸದ್ದು, ಎಷ್ಟು ಸೆಕೆಂಡು. 1930ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಡಿಸ್ನಿ ಸ್ಟುಡಿಯೋದಲ್ಲಿ ಕಾರ್ಟೂನ್ ಕಥೆಗಳ ಚಿತ್ರಗಳನ್ನು ಹಲಗೆಗೆ ಸಾಲಾಗಿ ಪಿನ್ ಮಾಡುವುದರಿಂದ ಈ ಪದ್ಧತಿ ಬೆಳೆಯಿತು. ನಮ್ಮಲ್ಲಿ ಸತ್ಯಜಿತ್ ರಾಯ್ ಜಾಹೀರಾತು ಕಂಪನಿಯಲ್ಲಿ ಚಿತ್ರಕಾರರಾಗಿದ್ದವರು. ‘ಪಥೇರ್ ಪಾಂಚಾಲಿ’ಗೆ ಹಣ ಹುಡುಕುವಾಗ ಅವರ ಕೈಯಲ್ಲಿದ್ದದ್ದು ಪೂರ್ಣ ಚಿತ್ರಕಥೆಯಲ್ಲ, ದೃಶ್ಯದಿಂದ ದೃಶ್ಯಕ್ಕೆ ಬಿಡಿಸಿದ ಚಿತ್ರಗಳ ಪುಸ್ತಕ.

ಕಥಾಚಿತ್ರದ ನಿರ್ದೇಶಕ ಬಯಸಿದರೆ ಸ್ಟೋರಿಬೋರ್ಡ್ ಇಲ್ಲದೆಯೂ ಚಿತ್ರ ತೆಗೆಯಬಹುದು. ಸರ್ಕಾರಿ ಚಿತ್ರದಲ್ಲಿ ಅದು ಕಷ್ಟ. ಇಲ್ಲಿ ಚಿತ್ರ ತೆಗೆಯುವವರು ಒಬ್ಬರು, ವಿಷಯ ಬಲ್ಲ ಎಂಜಿನಿಯರ್ ಇನ್ನೊಬ್ಬರು, ಹಣಕ್ಕೆ ಒಪ್ಪಿಗೆ ಕೊಡುವ ಅಧಿಕಾರಿ ಮತ್ತೊಬ್ಬರು. ಮೂವರೂ ‘ಮಳೆ ನೀರು ಸಂಗ್ರಹದ ಬಗ್ಗೆ ಒಂದು ಚಿತ್ರ’ ಎಂಬ ಒಂದೇ ವಾಕ್ಯವನ್ನು ಓದಿ ಮೂರು ಬೇರೆ ಚಿತ್ರಗಳನ್ನು ಮನಸ್ಸಿನಲ್ಲಿ ನೋಡುತ್ತಿರುತ್ತಾರೆ. ಒಂದೇ ಚಿತ್ರವನ್ನು ಮೂವರೂ ಮೊದಲ ಬಾರಿಗೆ ನೋಡುವುದು ಸ್ಟೋರಿಬೋರ್ಡಿನ ಹಾಳೆಯ ಮೇಲೆ. ನಡುವೆ ಅಧಿಕಾರಿಗೆ ವರ್ಗಾವಣೆಯಾಗಿ ಹೊಸಬರು ಬಂದರೆ, ಹಿಂದಿನವರು ಒಪ್ಪಿದ್ದು ಏನು ಎಂಬುದಕ್ಕೆ ಕಡತದಲ್ಲಿ ಉಳಿಯುವ ಗಟ್ಟಿ ಸಾಕ್ಷಿ ಪುಟಪುಟಕ್ಕೂ ಸಹಿ ಬಿದ್ದ ಆ ಹಾಳೆಗಳೇ.

ಒಂದು ಉದಾಹರಣೆಯನ್ನು ಕೊನೆಯವರೆಗೆ ಹಿಂಬಾಲಿಸಿದರೆ ಈ ಕೆಲಸದ ಒಳಗು ತಿಳಿಯುತ್ತದೆ. ಬೆಂಗಳೂರಿನಲ್ಲಿ ಮನೆಗಳ ಮಳೆ ನೀರು ಸಂಗ್ರಹದ ಕುರಿತು 60 ಸೆಕೆಂಡಿನ ಚಿತ್ರ ಬೇಕಾಗಿದೆ ಎಂದಿಟ್ಟುಕೊಳ್ಳೋಣ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿಯಾಗಿ ನಗರದಲ್ಲಿ ನಿಗದಿತ ಅಳತೆಗಿಂತ ದೊಡ್ಡ ನಿವೇಶನಗಳ ಮನೆಗಳಿಗೆ ಮಳೆ ನೀರು ಸಂಗ್ರಹ ಕಡ್ಡಾಯವಾಯಿತು. ಹಾಗಾಗಿ ಪೈಪು, ಫಿಲ್ಟರು ಹಾಕಿಸಿಕೊಂಡ ಮನೆಗಳು ಬೇಕಾದಷ್ಟಿವೆ. ಆದರೆ ಹಾಕಿಸಿದ ಮೇಲೆ ಅದನ್ನು ನೋಡಿಕೊಳ್ಳಬೇಕಲ್ಲ? ತಾರಸಿಯ ಮೇಲೆ ಒಣ ಎಲೆ, ಧೂಳು, ಪಾರಿವಾಳದ ಹಿಕ್ಕೆ ಕೂಡಿರುತ್ತದೆ. ಮೊದಲ ಮಳೆ ಅದನ್ನೆಲ್ಲ ತೊಳೆದು ಪೈಪಿಗೆ ತರುತ್ತದೆ. ಆ ಕೊಳಕು ನೀರನ್ನು ಹೊರಗೆ ಬಿಡಲೆಂದೇ ಪೈಪಿನ ಬುಡದಲ್ಲಿ ಒಂದು ವಾಲ್ವ್ ಇರುತ್ತದೆ. ಮಳೆಗೆ ಮುಂಚೆ ಅದನ್ನು ತೆರೆದಿಟ್ಟು, ನೀರು ತಿಳಿಯಾದ ಮೇಲೆ ಮುಚ್ಚಬೇಕು. ಇದನ್ನು ಮಾಡದಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಸಂಪಿನ ನೀರು ಕೆಡುತ್ತದೆ. ಒಮ್ಮೆ ಕೆಟ್ಟ ವಾಸನೆ ಬಂದರೆ ಮನೆಯವರು ಆ ಪೈಪನ್ನೇ ಚರಂಡಿಗೆ ತಿರುಗಿಸಿ ಕೈತೊಳೆದುಕೊಳ್ಳುತ್ತಾರೆ.

ಇಲಾಖೆಯಿಂದ ಬರುವ ಮೊದಲ ಟಿಪ್ಪಣಿಯಲ್ಲಿ ಸಾಮಾನ್ಯವಾಗಿ ಏಳೆಂಟು ಅಂಶಗಳಿರುತ್ತವೆ. ಮಳೆ ನೀರು ಹಿಡಿಯಿರಿ, ನಲ್ಲಿ ರಿಪೇರಿ ಮಾಡಿಸಿ, ಕಾರು ತೊಳೆಯಬೇಡಿ, ಬಳಸಿದ ನೀರನ್ನು ಗಿಡಕ್ಕೆ ಹಾಕಿ, ಕೊಳವೆಬಾವಿ ಮರುಪೂರಣ ಮಾಡಿ, ಯೋಜನೆಯ ಲಾಭ ಪಡೆಯಿರಿ. ಒಂದೊಂದೂ ಸರಿಯಾದ ಮಾತೇ. ಆದರೆ 60 ಸೆಕೆಂಡಿನಲ್ಲಿ ಎಂಟು ಮಾತಿಗೆ ತಲಾ ಏಳೂವರೆ ಸೆಕೆಂಡು ಸಿಗುತ್ತದೆ; ಅಷ್ಟರಲ್ಲಿ ಉಪದೇಶ ಕೊಡಬಹುದೇ ಹೊರತು ಕೆಲಸವನ್ನು ಮಾಡಿ ತೋರಿಸಲಾಗದು. ಆದ್ದರಿಂದ ಪೆನ್ಸಿಲ್ ಹಿಡಿಯುವ ಮೊದಲು ಒಂದು ವಾಕ್ಯ ಬರೆದುಕೊಳ್ಳುವುದು ಒಳ್ಳೆಯದು: ಈ ಚಿತ್ರ ನೋಡಿದವರು ಇಂಥ ದಿನ, ಇಂಥ ಜಾಗದಲ್ಲಿ, ಇಂಥದ್ದನ್ನು ಮಾಡಬೇಕು. ನಮ್ಮ ಉದಾಹರಣೆಯಲ್ಲಿ ಅದು ಹೀಗಿರಬಹುದು: ‘ಮೋಡ ಕಟ್ಟಿದ ದಿನ ತಾರಸಿ ಗುಡಿಸಿ, ಪೈಪಿನ ಬುಡದ ವಾಲ್ವ್ ತೆರೆದಿಡಿ, ನೀರು ತಿಳಿಯಾದ ಮೇಲೆ ಮುಚ್ಚಿ.’ ಈ ವಾಕ್ಯಕ್ಕೆ ಸೇರದ ಯಾವುದೂ ಚೌಕದೊಳಗೆ ಬರಕೂಡದು.

ಇನ್ನು ಚೌಕಗಳು. ಮೊದಲ ಚೌಕ, 4 ಸೆಕೆಂಡು: ಬೆಂಗಳೂರಿನ ಒಂದು ಮಾಮೂಲಿ ಮನೆಯ ತಾರಸಿ, ಮೇಲೆ ದಟ್ಟ ಮೋಡ, ಬಟ್ಟೆಯ ಹಗ್ಗ, ಮೂಲೆಯಲ್ಲಿ ಒಣ ಎಲೆಯ ರಾಶಿ. ಎರಡನೆಯದು, 3 ಸೆಕೆಂಡು: ಎಲೆ ಮುಚ್ಚಿದ ಪೈಪಿನ ಬಾಯಿ, ಹತ್ತಿರದಿಂದ. ಮೂರನೆಯದರಲ್ಲಿ, 4 ಸೆಕೆಂಡು, ಬಟ್ಟೆ ತೆಗೆಯಲು ಬಂದ ಮೇಲಿನ ಮನೆಯ ಬಾಡಿಗೆ ಹುಡುಗನನ್ನು ಕೆಳಗಿನಿಂದ ಮನೆಯ ಒಡತಿ ಕೂಗುತ್ತಾರೆ.

‘ಮೋಡ ಕಟ್ಟಿದೆ ಕಣಪ್ಪಾ, ಆ ಪೈಪಿನ ಬಾಯಿ ಒಂಚೂರು ನೋಡು!’

‘ಎಲೆ ತುಂಬ್ಕೊಂಡಿದೆ ಆಂಟಿ, ಪೊರಕೆ ತರ್ತೀನಿ.’

ಈ ಇಬ್ಬರನ್ನೇ ಏಕೆ ಆರಿಸಬೇಕು? ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ತಾರಸಿ ಹತ್ತಿಳಿಯುವವರು ಬಾಡಿಗೆದಾರರು, ಸಂಪು ನೋಡಿಕೊಳ್ಳುವವರು ಮಾಲೀಕರು. ಕೆಲಸ ಇಬ್ಬರ ನಡುವೆ ಬಿದ್ದು ಯಾರದ್ದೂ ಅಲ್ಲದಂತಾಗುತ್ತದೆ. ಪಾತ್ರಗಳ ಆಯ್ಕೆಯಲ್ಲೇ ಆ ಗಂಟನ್ನು ಬಿಡಿಸಿಬಿಟ್ಟರೆ ಅದಕ್ಕಾಗಿ ಬೇರೆ ಮಾತು ಬೇಕಾಗುವುದಿಲ್ಲ. ಇನ್ನೊಂದು ಕಾರಣವೂ ಇದೆ. ನೀರಿನ ಚಿತ್ರಗಳಲ್ಲಿ ಹೆಂಗಸರು ಹೆಚ್ಚಾಗಿ ಪಾತ್ರೆ ತೊಳೆಯುತ್ತ ನೀರು ಪೋಲು ಮಾಡುವವರಾಗಿ ಬರುತ್ತಾರೆ, ಬುದ್ಧಿ ಹೇಳುವ ಪಾತ್ರ ಗಂಡಸಿನದು. ಮನೆಯ ನೀರಿನ ಲೆಕ್ಕ ನಿಜವಾಗಿ ಯಾರ ತಲೆಯಲ್ಲಿರುತ್ತದೆ ಎಂಬುದನ್ನು ಬಲ್ಲವರು ಇಂಥ ಚಿತ್ರವನ್ನು ನಂಬುವುದಿಲ್ಲ, ನಂಬಲೂ ಬಾರದು.

ನಾಲ್ಕನೆಯ ಚೌಕದಲ್ಲಿ ಗುಡಿಸುವುದು, 4 ಸೆಕೆಂಡು; ಐದರಲ್ಲಿ ಕೈ ಹಾಕಿ ಎಲೆ ತೆಗೆಯುವುದು, 3. ಆರನೆಯದು 5 ಸೆಕೆಂಡಿನ ಒಂದೇ ಚಲನೆ: ಕ್ಯಾಮೆರಾ ಪೈಪಿನ ಗುಂಟ ತಾರಸಿಯಿಂದ ನೆಲದವರೆಗೆ ಇಳಿಯುತ್ತದೆ. ಇಡೀ ಚಿತ್ರದ ಭೂಗೋಳ ಈ ಐದು ಸೆಕೆಂಡಿನಲ್ಲಿದೆ. ಮೇಲಿನ ಎಲೆಗೂ ಕೆಳಗಿನ ವಾಲ್ವಿಗೂ ಇರುವ ಸಂಬಂಧವನ್ನು ಬೇರೆ ಬೇರೆ ತುಣುಕುಗಳಲ್ಲಿ ತೋರಿಸಿದರೆ ಎಲ್ಲ ನೋಡುಗರೂ ತಾವಾಗಿ ಜೋಡಿಸಿಕೊಳ್ಳುತ್ತಾರೆ ಎಂದು ಹೇಳಲಾಗದು. ನೇಪಾಳದ ಹಳ್ಳಿಗಳಲ್ಲಿ ಯುನಿಸೆಫ್ ನೆರವಿನಿಂದ ನಡೆದು 1976ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಕಂಡಿತ್ತು: ಚಿತ್ರ ನೋಡಿ ರೂಢಿಯಿಲ್ಲದವರು ಸಾಲಾಗಿ ಇಟ್ಟ ಚಿತ್ರಗಳನ್ನು ಒಂದೇ ಘಟನೆಯ ಹಂತಗಳೆಂದು ಓದಬೇಕಾಗಿಲ್ಲ, ಬಾಣದ ಗುರುತು, ಸರಿ-ತಪ್ಪು ಗುರುತುಗಳ ಅರ್ಥವೂ ಅವರಿಗೆ ತಾನಾಗಿ ಹೊಳೆಯುವುದಿಲ್ಲ. ಇಂದಿನ ನೋಡುಗರ ಕೈಯಲ್ಲಿ ಮೊಬೈಲ್ ಇದೆ, ಕಣ್ಣು ಪಳಗಿದೆ. ಆದರೂ ನೀರು ಹರಿಯುವ ದಿಕ್ಕನ್ನು ಬಾಣದಿಂದ ತೋರಿಸುವುದಕ್ಕಿಂತ ಕ್ಯಾಮೆರಾ ತಾನೇ ಆ ದಾರಿಯಲ್ಲಿ ಹೋಗುವುದು ಮೇಲು. ಅದೇ ಕಾರಣಕ್ಕೆ, ಮೊದಲ ಚೌಕದಲ್ಲಿ ಪೈಪು ಬಲಗಡೆ ಇದ್ದರೆ ಕೊನೆಯವರೆಗೂ ನೀರು ಎಡದಿಂದ ಬಲಕ್ಕೇ ಸಾಗಬೇಕು. ನಡುವೆ ಒಂದು ಚೌಕದಲ್ಲಿ ದಿಕ್ಕು ತಿರುಗಿದರೆ ಅದು ಬೇರೆ ಪೈಪೋ ಬೇರೆ ಮನೆಯೋ ಎಂಬ ಗೊಂದಲ ಬರುತ್ತದೆ. ಚೌಕಗಳನ್ನು ಗೋಡೆಗೆ ಅಂಟಿಸಿ ದೂರ ನಿಂತು ನೋಡಿದರೆ ಈ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ.

ಏಳನೆಯದರಲ್ಲಿ ಕೈಯೊಂದು ವಾಲ್ವ್ ತೆರೆಯುತ್ತದೆ, 4 ಸೆಕೆಂಡು. ಎಂಟರಲ್ಲಿ ಒಣಗಿದ ತಾರಸಿಗೆ ಮೊದಲ ಹನಿಗಳು, 4. ಒಂಬತ್ತರಲ್ಲಿ ವಾಲ್ವಿನಿಂದ ಕೆಂಪು ನೀರು ಹೊರಬಂದು ಗಿಡದ ಪಾತಿಗೆ ಹರಿಯುತ್ತದೆ, 5. ಹತ್ತರಲ್ಲಿ ಒಡತಿ ಸ್ಟೀಲ್ ಲೋಟ ಹಿಡಿದು ನೋಡುತ್ತಾರೆ, ಲೋಟದ ತಳ ಕಾಣುವಷ್ಟು ತಿಳಿ, 5. ಹನ್ನೊಂದರಲ್ಲಿ ವಾಲ್ವ್ ಮುಚ್ಚುವ ಕೈ, 3. ಹನ್ನೆರಡರಲ್ಲಿ ಫಿಲ್ಟರ್ ದಾಟಿ ಸಂಪಿಗೆ ಬೀಳುವ ನೀರು, 5.

ಇಲ್ಲಿಯವರೆಗೆ ಬಂದಾಗ ನಿರ್ಮಾಣ ವ್ಯವಸ್ಥಾಪಕರು ಕೇಳುವ ಪ್ರಶ್ನೆ ಒಂದೇ: ಮಳೆ ಎಲ್ಲಿಂದ ತರುವುದು? ಸಿನಿಮಾದ ಮಳೆ ಎಂದರೆ ಟ್ಯಾಂಕರ್ ನೀರು. ತಾರಸಿಯ ಇಡೀ ನೋಟದಲ್ಲಿ ಧೋ ಎಂದು ಮಳೆ ಸುರಿಯಬೇಕಾದರೆ ಟ್ಯಾಂಕರು ನಿಲ್ಲಿಸಿ ಸಾವಿರಾರು ಲೀಟರ್ ಸುರಿಸಬೇಕು. ನೀರು ಉಳಿಸುವ ಚಿತ್ರಕ್ಕೆ, ಅದೂ ಬೇಸಿಗೆಯಲ್ಲಿ, ಬೀದಿಯ ಜನ ನೋಡುತ್ತಿರುವಾಗ ಹಾಗೆ ಮಾಡುವುದು ಸರಿಯಲ್ಲ. ಇದಕ್ಕೆ ಪರಿಹಾರ ಸಿಗುವುದು ಸ್ಟೋರಿಬೋರ್ಡಿನಲ್ಲೇ. ಮಳೆ ಬೇಕಾದ ಚೌಕಗಳಿಗೆ ನೀಲಿ ಗುರುತು ಹಾಕಿದರೆ ಎಂಟು, ಒಂಬತ್ತು, ಹತ್ತು, ಹನ್ನೆರಡು ಎಂದು ನಾಲ್ಕೇ ಸಿಗುತ್ತವೆ. ನಾಲ್ಕನ್ನೂ ಹತ್ತಿರದ ನೋಟವಾಗಿ ಬರೆದರೆ ಎಂಟಕ್ಕೆ ಒಂದು ಹೂದಾನಿಯಷ್ಟು ನೀರು ಸಾಕು. ಉಳಿದ ಮೂರಕ್ಕೆ ಪೈಪಿನ ಮೇಲ್ತುದಿಗೆ ಒಂದು ಮೆದುಗೊಳವೆ ಇಟ್ಟು, ಕೆಳಗೆ ಬಿದ್ದ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಮತ್ತೆ ಮೇಲಕ್ಕೆ ಕಳಿಸಬಹುದು. ಮಳೆಯ ಅಬ್ಬರವನ್ನು ಸದ್ದು ಹೊತ್ತುಕೊಳ್ಳುತ್ತದೆ. ದೂರದ ನೋಟದಲ್ಲಿ ಮಳೆ ಬರೆದು ಸಹಿ ಹಾಕಿಸಿಕೊಂಡ ಮೇಲೆ ಇದೇ ಮಾತನ್ನು ಚಿತ್ರೀಕರಣದ ದಿನ ಹೇಳಿದರೆ ಯಾರೂ ಕೇಳುವುದಿಲ್ಲ.

ಹದಿಮೂರನೆಯ ಚೌಕ ಈ ಚಿತ್ರದ ಹೃದಯ. ಒಂದು ಮಳೆಗೆ ಎಷ್ಟು ನೀರು ಬಂತು? ಅಂಕಿಯನ್ನು ಬಾಯಲ್ಲಿ ಹೇಳಿದರೆ ನಿಲ್ಲುವುದಿಲ್ಲ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಲೆಕ್ಕ ಇಷ್ಟು ಸರಳ. ಸಾವಿರ ಚದರ ಅಡಿ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ಅದರ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 1,860 ಲೀಟರ್. ಹೊರಗೆ ಬಿಟ್ಟ ಮೊದಲ ನೀರು, ಆವಿ, ಸೋರಿಕೆ ಎಂದು ಐದರಲ್ಲಿ ಒಂದು ಪಾಲು ಕಳೆದರೂ ಸುಮಾರು 1,500 ಲೀಟರ್ ಸಂಪಿಗೆ ಸೇರುತ್ತದೆ. 15 ಲೀಟರಿನ ಕೊಡಗಳಲ್ಲಿ ತುಂಬಿದರೆ ನೂರು ಕೊಡ. ಆದ್ದರಿಂದ ಚೌಕದಲ್ಲಿ ಬರೆಯಬೇಕಾದದ್ದು ಮಳೆ ನಿಂತ ಮೇಲಿನ ಒದ್ದೆ ತಾರಸಿ, ಅದರ ಮೇಲೆ ಹತ್ತು ಸಾಲಿನಲ್ಲಿ ಹತ್ತತ್ತು ಬಣ್ಣದ ಕೊಡ, ನಡುವೆ ನಿಂತ ಆ ಇಬ್ಬರು. 6 ಸೆಕೆಂಡು, ಮಾತಿಲ್ಲ. ಬೀದಿ ನಲ್ಲಿಯಲ್ಲಿ, ಟ್ಯಾಂಕರಿನ ಮುಂದೆ ಕೊಡಕ್ಕಾಗಿ ಸರದಿ ನಿಂತವರಿಗೆ ನೂರು ಕೊಡ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಇಂಥ ಲೆಕ್ಕವನ್ನು ಚೌಕದ ಕೆಳಗೇ ಬರೆದಿಡುವುದು ಒಳ್ಳೆಯ ಅಭ್ಯಾಸ, ಯಾಕೆಂದರೆ ನೀರಿನ ಚಿತ್ರಗಳಲ್ಲಿ ಓಡಾಡುವ ಅಂಕಿಗಳು ಎಲ್ಲಿಂದ ಬಂದವು ಎಂದು ಕೇಳುವವರೇ ಇರುವುದಿಲ್ಲ. ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ ಎಷ್ಟು ಪೋಲಾಗುತ್ತದೆ? ದಿನಕ್ಕೆ 86,400 ಹನಿ ಎಂಬುದು ಖಚಿತ. ಆದರೆ ಹನಿಯ ಗಾತ್ರ ಕಾಲು ಮಿಲಿಲೀಟರ್ ಎಂದು ಹಿಡಿದರೆ 21 ಲೀಟರ್ ದಾಟುತ್ತದೆ. ಮಿಲಿಲೀಟರಿಗೆ 20 ಹನಿ ಎಂದು ಹಿಡಿದರೆ 4 ಲೀಟರ್ ಚಿಲ್ಲರೆ ಮಾತ್ರ. ಎರಡೂ ಅಂಕಿ ಚಾಲ್ತಿಯಲ್ಲಿರಬಹುದು. ಚಿತ್ರದಲ್ಲಿ ತೋರಿಸುವ ನಲ್ಲಿಯ ಕೆಳಗೆ ಒಂದು ಗಂಟೆ ಮಗ್ ಇಟ್ಟು ಅಳೆದು, ಸಿಕ್ಕಿದ್ದನ್ನು ಬರೆದರೆ ಯಾರೂ ಅಲ್ಲಗಳೆಯಲಾಗದು.

ಹದಿನಾಲ್ಕನೆಯ ಚೌಕದಲ್ಲಿ ಇಬ್ಬರೂ ಸಂಪಿನೊಳಗೆ ಬಗ್ಗಿ ನೋಡುತ್ತಾರೆ, 2 ಸೆಕೆಂಡು. ಹದಿನೈದನೆಯದು ಇಲಾಖೆಯ ಹೆಸರು, ಲಾಂಛನ, ಜಲಮಂಡಳಿಯ ಸಹಾಯವಾಣಿ 1916. ಇದಕ್ಕೆ 3 ಸೆಕೆಂಡು. ಕೂಡಿದರೆ ಸರಿಯಾಗಿ 60.

ಮಾತಿನ ಅಳತೆಯೂ ಹೀಗೇ ಬಿಗಿ. ಕನ್ನಡದ ಪದಗಳು ಉದ್ದ. ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಂಡಿರುತ್ತವೆ. ಕೇಳುವವರಿಗೆ ತಲುಪುವಂತೆ ಓದಿದರೆ ನಿಮಿಷಕ್ಕೆ ನೂರರ ಆಸುಪಾಸಿನಲ್ಲಿ ಪದಗಳು ಹಿಡಿಯುತ್ತವೆ. ಇಂಗ್ಲಿಷಿನಲ್ಲಿ ಬರೆದು ಒಪ್ಪಿಗೆ ಪಡೆದ ಮಾತನ್ನು ಆಮೇಲೆ ಕನ್ನಡಕ್ಕೆ ತಂದರೆ ಅದು ಆ ಸೆಕೆಂಡುಗಳೊಳಗೆ ಕೂರುವುದಿಲ್ಲ, ಓದುವವರು ಓಡತೊಡಗುತ್ತಾರೆ. ಮಳೆಯ ಸದ್ದಿಗೆ, ಕೊಡಗಳ ಮೌನಕ್ಕೆ ಜಾಗ ಬಿಟ್ಟರೆ ನಮ್ಮ ಚಿತ್ರಕ್ಕೆ ಎಪ್ಪತ್ತು ಪದ ಸಾಕು. ಚೌಕಗಳನ್ನು ಫೋಟೊ ತೆಗೆದು, ಆಯಾ ಸೆಕೆಂಡಿಗೆ ಸರಿಯಾಗಿ ಜೋಡಿಸಿ, ಯಾರಾದರೂ ಮೊಬೈಲಿನಲ್ಲಿ ಓದಿ ದನಿ ಸೇರಿಸಿದರೆ ಅನಿಮ್ಯಾಟಿಕ್ ಸಿದ್ಧ. ಎಲ್ಲಿ ಮಾತು ಚಿತ್ರವನ್ನು ತುಳಿಯುತ್ತಿದೆ, ಎಲ್ಲಿ ದೃಶ್ಯ ಎಳೆದಂತಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಟಿವಿಗೆ ಅಗಲದ ಚೌಕಟ್ಟು, ಮೊಬೈಲಿಗೆ ಉದ್ದದ ಚೌಕಟ್ಟು ಬೇಕಾಗುವುದರಿಂದ ಪ್ರತಿ ಚೌಕದೊಳಗೂ ನಡುವೆ ಒಂದು ಲಂಬ ಪಟ್ಟಿ ಎಳೆದು ನೋಡಬೇಕು. ಅಗಲದ ಚಿತ್ರದಿಂದ ಉದ್ದದ್ದನ್ನು ಕತ್ತರಿಸಿದರೆ ಅಗಲದಲ್ಲಿ ಮೂರನೇ ಒಂದು ಭಾಗವೂ ಉಳಿಯುವುದಿಲ್ಲ. ಪೈಪಿನ ದೃಶ್ಯ ಸಲೀಸಾಗಿ ಕೂರುತ್ತದೆ. ನೂರು ಕೊಡಗಳು ಕೂರುವುದಿಲ್ಲ; ಅದನ್ನು ಎತ್ತರದಿಂದ ನೋಡಿದಂತೆ ಬೇರೆಯಾಗಿಯೇ ಬರೆಯಬೇಕು.

ಹಾಳೆಗಳು ಇಲಾಖೆಯ ಮೇಜಿಗೆ ಬಂದಾಗ ಮೊದಲು ನೋಡಬೇಕಾದವರು ಎಂಜಿನಿಯರ್. ಮರಳು ಫಿಲ್ಟರ್ ತೋರಿಸುವುದಾದರೆ ದಪ್ಪ ಕಲ್ಲು ತಳದಲ್ಲಿ, ಜಲ್ಲಿ ನಡುವೆ, ಮರಳು ಮೇಲೆ ಇರಬೇಕು. ಚಿತ್ರಕಾರರು ಇದನ್ನು ತಲೆಕೆಳಗು ಮಾಡುವುದುಂಟು. ತಾರಸಿಯ ನೀರನ್ನು ಸೋಸದೆ ನೇರ ಕೊಳವೆಬಾವಿಗೆ ಬಿಟ್ಟಂತೆ ಬರೆದರೆ ಅದು ಅಂತರ್ಜಲವನ್ನು ಕೆಡಿಸುವ ದಾರಿಯನ್ನೇ ಕಲಿಸಿದಂತೆ. ಸಂಪಿಗೆ ಮುಚ್ಚಳ ಕಾಣಬೇಕು, ಇಲ್ಲದಿದ್ದರೆ ಸೊಳ್ಳೆ. ಇಂಥ ತಪ್ಪನ್ನು ಹಾಳೆಯಲ್ಲಿ ರಬ್ಬರಿನಿಂದ ಅಳಿಸಬಹುದು. ಚಿತ್ರೀಕರಣದ ನಂತರ ಕಂಡರೆ ತಂಡವನ್ನು ಮತ್ತೊಮ್ಮೆ ಕರೆಸಬೇಕು.

ಆಮೇಲೆ ಬರುವ ಒತ್ತಾಯಗಳು ಬೇರೆ ಬಗೆಯವು. ಕೊನೆಯ 3 ಸೆಕೆಂಡನ್ನು 10 ಮಾಡಿ, ಗಣ್ಯರ ಭಾವಚಿತ್ರ ಹಾಕಿ ಎಂಬುದು ಅದರಲ್ಲೊಂದು. ಸರ್ಕಾರಿ ಜಾಹೀರಾತುಗಳಲ್ಲಿ ರಾಷ್ಟ್ರಪತಿ, ಪ್ರಧಾನಿ, ಸುಪ್ರೀಂ ಕೋರ್ಟ್ ಮುಖ್ಯ ನ್ಯಾಯಮೂರ್ತಿ ಇವರ ಚಿತ್ರ ಮಾತ್ರ ಇರಬಹುದು ಎಂದು ಸುಪ್ರೀಂ ಕೋರ್ಟ್ 2015ರ ಮೇ ತಿಂಗಳಲ್ಲಿ ಹೇಳಿತ್ತು. 2016ರ ಮಾರ್ಚಿನಲ್ಲಿ ರಾಜ್ಯಪಾಲರು, ಮುಖ್ಯಮಂತ್ರಿಗಳು, ಸಚಿವರಿಗೂ ಅವಕಾಶ ಕೊಟ್ಟಿತು. ಕಾನೂನಿನ ಅಡ್ಡಿ ಇಲ್ಲದಿರಬಹುದು. ಆದರೆ ಆ ಏಳು ಸೆಕೆಂಡನ್ನು ಎಲ್ಲಿಂದ ತೆಗೆಯುವುದು ಎಂಬ ಪ್ರಶ್ನೆಗೆ ಹಾಳೆಯೇ ಉತ್ತರ ಕೇಳುತ್ತದೆ: ವಾಲ್ವ್ ಮುಚ್ಚುವ ಕೈಯನ್ನು ತೆಗೆಯೋಣವೇ, ತಿಳಿ ನೀರಿನ ಲೋಟವನ್ನೇ?

ಇನ್ನೊಂದು ಒತ್ತಾಯ ಹೆಚ್ಚು ಅಪಾಯದ್ದು: ‘ಜನ ಎಷ್ಟು ಪೋಲು ಮಾಡುತ್ತಾರೆ ಎಂಬುದನ್ನು ಮೊದಲು ತೋರಿಸಿ, ಆಗ ನಾಟುತ್ತದೆ.’ ಕೇಳಲು ಸರಿಯೆನಿಸುತ್ತದೆ. ಆದರೆ ಅಮೆರಿಕದ ಅರಿಜೋನಾದಲ್ಲಿ ಕಲ್ಲಾದ ಮರಗಳಿರುವ ರಾಷ್ಟ್ರೀಯ ಉದ್ಯಾನದಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಬೇರೆಯದನ್ನೇ ಹೇಳುತ್ತದೆ. ಹಿಂದೆ ಬಂದ ಅನೇಕರು ಚೂರುಗಳನ್ನು ಒಯ್ದು ಕಾಡಿನ ರೂಪ ಕೆಡಿಸಿದ್ದಾರೆ ಎಂಬ ಫಲಕ ಇಟ್ಟಾಗ ಗುರುತು ಹಾಕಿದ ಚೂರುಗಳಲ್ಲಿ ನೂರಕ್ಕೆ ಸುಮಾರು 8 ಕಳುವಾದವು. ದಯವಿಟ್ಟು ಒಯ್ಯಬೇಡಿ ಎಂದಷ್ಟೇ ಹೇಳಿದ ಫಲಕವಿದ್ದಾಗ ಕಳುವಾದದ್ದು 2ಕ್ಕಿಂತ ಕಡಿಮೆ. ಎಲ್ಲರೂ ಮಾಡುತ್ತಾರೆ ಎಂದು ತೋರಿಸಿದರೆ ಅದು ಬೈಗುಳವಾಗಿ ಅಲ್ಲ, ಅನುಮತಿಯಾಗಿ ಕೇಳಿಸುತ್ತದೆ. ಇಪ್ಪತ್ತು ಸೆಕೆಂಡು ಪೋಲನ್ನು ತೋರಿಸಿ ಹತ್ತು ಸೆಕೆಂಡು ಬುದ್ಧಿ ಹೇಳುವ ಚಿತ್ರ ಹೆಚ್ಚು ಹೊತ್ತು ಕಲಿಸುವುದು ಪೋಲನ್ನೇ. ನಮ್ಮ ಹದಿನೈದು ಚೌಕಗಳಲ್ಲಿ ತಪ್ಪು ಮಾಡುವವರೇ ಇಲ್ಲದಿರುವುದು ಇದರಿಂದಾಗಿ.

ಸಹಿಗೆ ಮುಂಚೆ ಒಂದು ಪರೀಕ್ಷೆ ಬಾಕಿ ಇರುತ್ತದೆ. ಮಾತು, ಬರಹಗಳನ್ನು ಮುಚ್ಚಿ, ಬರೀ ಚಿತ್ರಗಳನ್ನು ಕ್ಯಾಂಟೀನಿನವರಿಗೆ, ಚಾಲಕರಿಗೆ, ಅರ್ಜಿ ಹಿಡಿದು ಕಾಯುತ್ತಿರುವ ನಾಲ್ಕೈದು ಜನರಿಗೆ ತೋರಿಸಿ ‘ಇದರಲ್ಲಿ ಏನು ಮಾಡಲು ಹೇಳಿದ್ದಾರೆ?’ ಎಂದು ಕೇಳಬೇಕು. ‘ನೀರು ಉಳಿಸಬೇಕಂತೆ’ ಎಂಬ ಉತ್ತರ ಬಂದರೆ ಬೋರ್ಡ್ ಮತ್ತೆ ಬರೆಯಬೇಕು. ‘ಮಳೆ ಬರೋ ಮುಂಚೆ ಆ ತಿರುಪು ಬಿಚ್ಚಿಡಬೇಕಂತೆ’ ಎಂದರೆ ಮುಂದೆ ಹೋಗಬಹುದು.

ಇಷ್ಟಕ್ಕೆಲ್ಲ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಸಮಯ, ಅದೇ ಸಿಗುವುದಿಲ್ಲ. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಉಳಿದ ಅನುದಾನ ಖರ್ಚು ಮಾಡುವ ಅವಸರದಲ್ಲಿ ಮಾರ್ಚಿನಲ್ಲಿ ಕಾರ್ಯಾದೇಶ ಹೊರಟರೆ ಚೌಕ ಎಳೆಯುವ ಹಂತವನ್ನೇ ಹಾರಿ ಕ್ಯಾಮೆರಾ ಹೊರಡುತ್ತದೆ. ಆಗ ಮತ್ತೆ ಬಿರುಕು ಬಿಟ್ಟ ನೆಲವೇ ಗತಿ. ಬೆಂಗಳೂರಿಗೆ ಏಪ್ರಿಲ್, ಮೇ ತಿಂಗಳಲ್ಲೇ ಗುಡುಗು ಮಳೆ ಬರುತ್ತದೆ, ಜೂನ್ ಮೊದಲ ವಾರಗಳಲ್ಲಿ ಮುಂಗಾರು. ಮೊದಲ ಮಳೆಯ ವಾಲ್ವ್ ಬಗ್ಗೆ ಹೇಳುವ ಚಿತ್ರ ಏಪ್ರಿಲ್ ಆರಂಭಕ್ಕೆ ಜನರ ಮುಂದಿರಬೇಕು. ಅದಕ್ಕೆ ಸ್ಟೋರಿಬೋರ್ಡಿನ ಕೊನೆಯ ಹಾಳೆಗೆ ಜನವರಿಯೊಳಗೆ ಸಹಿ ಬೀಳಬೇಕು, ಪೆನ್ಸಿಲ್ ನವೆಂಬರಿನಲ್ಲೇ ಕೈಗೆ ಬರಬೇಕು. ಇಲಾಖೆಗಳು ನೀರಿನ ಚಿತ್ರದ ಕಡತವನ್ನು ಬೇಸಿಗೆ ಬಂದಾಗ ತೆರೆಯುವ ಬದಲು, ಹಿಂಗಾರು ಮಳೆ ಮುಗಿಯುತ್ತಿದ್ದಂತೆ ತೆರೆಯಲಿ.